ಗಾಲಿಯ ಚುಕ್ಕೆ ಬರೆದ ಗೆರೆ ಎತ್ತ ಬಾಗುತ್ತದೆ?

ಸೈಕಲ್ಲಿನ ಟೈರಿನ ಮೇಲೆ ಒಂದು ಬಿಳಿ ಚುಕ್ಕೆ ಇಟ್ಟು ಸೈಕಲ್ಲನ್ನು ನೇರ ರಸ್ತೆಯಲ್ಲಿ ಓಡಿಸಿದರೆ, ಆ ಚುಕ್ಕೆ ಗಾಳಿಯಲ್ಲಿ ಕಮಾನುಗಳ ಸಾಲೊಂದನ್ನು ಬರೆಯುತ್ತಾ ಹೋಗುತ್ತದೆ. ಗಾಲಿ ಒಂದು ಸುತ್ತು ಉರುಳಿದರೆ ಒಂದು ಕಮಾನು. ಈ ಗೆರೆಗೆ ಸೈಕ್ಲಾಯ್ಡ್ ಎಂದು ಹೆಸರಿಟ್ಟವನು ಗೆಲಿಲಿಯೊ. ಕಮಾನಿನ ಕೆಳಗಿನ ವಿಸ್ತೀರ್ಣ ಎಷ್ಟೆಂದು ತಿಳಿಯಲು ಅವನು ಆ ಆಕಾರದ ತಗಡನ್ನು ಕತ್ತರಿಸಿ ತೂಗಿ ನೋಡಿದ. ಅದು ಗಾಲಿಯ ವೃತ್ತದ ಸರಿಸುಮಾರು ಮೂರು ಪಟ್ಟು ಬಂತು. ನಿಖರವಾಗಿ ಮೂರೇ ಪಟ್ಟು ಎಂದು ಆಮೇಲೆ ಸಾಧಿಸಿದವನು ಫ್ರಾನ್ಸಿನ ರಾಬರ್ವಾಲ್.

ತಗಡು ತೂಗಿ ವಿಸ್ತೀರ್ಣ ಕಂಡುಕೊಳ್ಳಬಹುದು, ಆದರೆ ಗೆರೆ ಎಲ್ಲೆಲ್ಲಿ ಎತ್ತ ಬಾಗಿದೆ ಎಂಬುದಕ್ಕೆ ತಕ್ಕಡಿ ಸಾಲದು. ಅದಕ್ಕೆ ಎರಡನೇ ಡೆರಿವೇಟಿವ್ ಬೇಕು. ಸೈಕ್ಲಾಯ್ಡಿನ ವಿಷಯದಲ್ಲಿ ಅದನ್ನು ಕಂಡುಹಿಡಿಯುವಾಗ ವಿದ್ಯಾರ್ಥಿಗಳು ಎಡವುವ ಜಾಗ ಒಂದೇ, ಮತ್ತೆ ಮತ್ತೆ ಅದೇ.

ಚುಕ್ಕೆಯ ಎತ್ತರವನ್ನು ನೇರವಾಗಿ x ಲೆಕ್ಕದಲ್ಲಿ ಬರೆಯಹೊರಟರೆ ಸಮೀಕರಣ ಗೋಜಲಾಗುತ್ತದೆ. ಗಾಲಿ ಎಷ್ಟು ಕೋನ ತಿರುಗಿತು ಎಂಬುದನ್ನು ಹಿಡಿದರೆ ಎಲ್ಲ ಸಲೀಸು. ಆ ಕೋನವೇ t, ಅದೇ ಇಲ್ಲಿಯ ಪ್ಯಾರಾಮೀಟರ್. ಗಾಲಿಯ ತ್ರಿಜ್ಯ r ಆಗಿರಲಿ, ಮೊದಲಿಗೆ ಚುಕ್ಕೆ ನೆಲಕ್ಕೆ ತಾಗಿರಲಿ, ಗಾಲಿ ಬಲಕ್ಕೆ ಉರುಳಲಿ. ಆಗ ಚುಕ್ಕೆಯ ಜಾಗ ಹೀಗೆ:

x = r(t − sin t)
y = r(1 − cos t)

ಗೆರೆಯ ಇಳಿಜಾರು, ಅಂದರೆ dy/dx, ಸಿಗುವುದು ಎರಡನ್ನೂ t ಲೆಕ್ಕದಲ್ಲಿ ಡಿಫರೆನ್ಷಿಯೇಟ್ ಮಾಡಿ ಒಂದರಿಂದ ಇನ್ನೊಂದನ್ನು ಭಾಗಿಸಿದಾಗ. ಚುಕ್ಕೆ ಎಷ್ಟು ಬೇಗ ಏರುತ್ತಿದೆ, ಎಷ್ಟು ಬೇಗ ಮುಂದೆ ಸಾಗುತ್ತಿದೆ ಎಂಬ ಎರಡರ ಅನುಪಾತವೇ ಇಳಿಜಾರು. ಇಲ್ಲಿ r ಮೇಲೂ ಕೆಳಗೂ ಇದ್ದು ಹೊಡೆದುಹೋಗುತ್ತದೆ:

dy/dx = sin t / (1 − cos t)

ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ದ್ವಿತೀಯ ಪಿಯುಸಿ ಗಣಿತದ ಐದನೇ ಅಧ್ಯಾಯದಲ್ಲಿ ಪ್ಯಾರಾಮೆಟ್ರಿಕ್ ಭಾಗ ಮುಗಿದ ಕೂಡಲೇ ಎರಡನೇ ಡೆರಿವೇಟಿವ್ ಬರುತ್ತದೆ. ಆಗ ಕೈ ತಾನಾಗಿ ಒಂದು ಅಡ್ಡದಾರಿ ಹಿಡಿಯುತ್ತದೆ. ಮೊದಲನೆಯದಕ್ಕೆ y ಬದಿಯನ್ನು x ಬದಿಯಿಂದ ಭಾಗಿಸಿದೆವಲ್ಲ, ಎರಡನೆಯದಕ್ಕೂ ಎರಡೆರಡು ಸಲ ಡಿಫರೆನ್ಷಿಯೇಟ್ ಮಾಡಿ ಭಾಗಿಸಿದರಾಯಿತು ಎಂಬ ಲೆಕ್ಕ. ಹಾಗೆ ಮಾಡಿದರೆ ಮೇಲೆ r cos t, ಕೆಳಗೆ r sin t, ಉತ್ತರ cos t / sin t. ನೋಡಲು ಚೆಂದ, ಆದರೆ ಪೂರ್ತಿ ತಪ್ಪು.

ಎರಡನೇ ಡೆರಿವೇಟಿವ್ ಕೇಳುವ ಪ್ರಶ್ನೆ ಇಷ್ಟೆ: x ದಿಕ್ಕಿನಲ್ಲಿ ಒಂದಿಷ್ಟು ಬಲಕ್ಕೆ ಸರಿದರೆ ಇಳಿಜಾರು ಎಷ್ಟು ಬದಲಾಗುತ್ತದೆ? ನಮ್ಮ ಕೈಯಲ್ಲಿರುವ ಇಳಿಜಾರು t ಲೆಕ್ಕದಲ್ಲಿದೆ. ಅದನ್ನು ಡಿಫರೆನ್ಷಿಯೇಟ್ ಮಾಡಿದರೆ ಸಿಗುವುದು ಗಾಲಿ ತಿರುಗಿದಂತೆ ಇಳಿಜಾರು ಬದಲಾಗುವ ದರ. x ಲೆಕ್ಕದ ದರ ಬೇಕಾದರೆ ಅದನ್ನು ಇನ್ನೊಮ್ಮೆ dx/dt ಇಂದ ಭಾಗಿಸಬೇಕು. ಮೊದಲು ಒಂದು ಸಲ ಭಾಗಿಸಿದ್ದೇವೆ ನಿಜ, ಅದು ಇಳಿಜಾರಿಗಾಗಿ. ಇದು ಇಳಿಜಾರಿನ ಬದಲಾವಣೆಗಾಗಿ ಮಾಡುವ ಬೇರೆಯೇ ಭಾಗಾಕಾರ.

ಮಾಡಿ ನೋಡೋಣ. sin t / (1 − cos t) ಅನ್ನು t ಲೆಕ್ಕದಲ್ಲಿ ಡಿಫರೆನ್ಷಿಯೇಟ್ ಮಾಡಿದರೆ ಅಂಶದಲ್ಲಿ cos t − cos²t − sin²t ಬರುತ್ತದೆ, ಅಂದರೆ cos t − 1. ಛೇದದಲ್ಲಿ (1 − cos t)². ಸರಳಗೊಳಿಸಿದರೆ −1/(1 − cos t). ಇದನ್ನು dx/dt ಆದ r(1 − cos t) ಇಂದ ಭಾಗಿಸಿದಾಗ:

d²y/dx² = −1 / [r(1 − cos t)²]

ಛೇದದಲ್ಲಿ ವರ್ಗವಿದೆ, ಅದು ಎಂದೂ ಋಣವಾಗದು. ಎದುರಿಗೆ ಋಣಚಿಹ್ನೆ ಕೂತಿದೆ. ಆದ್ದರಿಂದ ಬಲಕ್ಕೆ ಹೋದಂತೆಲ್ಲ ಇಳಿಜಾರು ಕಡಿಮೆಯಾಗುತ್ತಲೇ ಇರುತ್ತದೆ, ಗೆರೆ ಉದ್ದಕ್ಕೂ ಕೆಳಮುಖವಾಗಿ ಬಾಗಿದ ಕಮಾನು. ಕಣ್ಣಿಗೆ ಕಂಡದ್ದೂ ಅದೇ.

ಅಡ್ಡದಾರಿಯ ಉತ್ತರ ಹೇಳುವುದೇ ಬೇರೆ. 60 ಡಿಗ್ರಿ ತಿರುಗಿದಾಗ cos t / sin t ಸುಮಾರು 0.58, ಧನ. ಅದರ ಪ್ರಕಾರ ಅಲ್ಲಿ ಗೆರೆ ಬಟ್ಟಲಿನ ಹಾಗೆ ಮೇಲ್ಮುಖವಾಗಿ ಬಾಗಿರಬೇಕು. ಕಮಾನಿನ ನೆತ್ತಿಯಲ್ಲಿ, 180 ಡಿಗ್ರಿಯಲ್ಲಿ, sin t ಸೊನ್ನೆಯಾಗಿ ಆ ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ. ಆದರೆ ಇಡೀ ಗೆರೆಯಲ್ಲಿ ಅತ್ಯಂತ ನಯವಾದ ಜಾಗ ಅದೇ. ಅಲ್ಲಿ ನಿಜವಾದ ಬೆಲೆ −1/(4r).

ಯಾವುದು ಸರಿ ಎಂಬ ಅನುಮಾನ ಬಂದರೆ ಸೂತ್ರದ ಮೊರೆ ಹೋಗಬೇಕಾಗಿಲ್ಲ, ಎರಡು ಚುಕ್ಕೆಗಳ ನಡುವೆ ಅಳೆದರೆ ಸಾಕು. r = 1 ಎಂದಿಟ್ಟುಕೊಳ್ಳಿ. 60 ಡಿಗ್ರಿಯಲ್ಲಿ x = 0.181, ಇಳಿಜಾರು 1.732. 90 ಡಿಗ್ರಿಯಲ್ಲಿ x = 0.571, ಇಳಿಜಾರು 1. ಚುಕ್ಕೆ 0.39 ಮುಂದೆ ಸರಿಯುವಷ್ಟರಲ್ಲಿ ಇಳಿಜಾರು 0.732 ಇಳಿದಿದೆ, ದರ ಸುಮಾರು −1.88. ನಡುವಿನ 75 ಡಿಗ್ರಿಯಲ್ಲಿ ನಮ್ಮ ಸೂತ್ರ ಕೊಡುವುದು −1.82. ಅಡ್ಡದಾರಿ ಕೊಡುವುದು +0.27. ಕ್ಯಾಲ್ಕುಲೇಟರ್ ಇದ್ದರೆ ಎರಡು ನಿಮಿಷದ ಕೆಲಸ.

ಹಾಗಾದರೆ cos t / sin t ಎಂಬುದು ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ. ಎರಡು ಸಲ t ಲೆಕ್ಕದಲ್ಲಿ ಡಿಫರೆನ್ಷಿಯೇಟ್ ಮಾಡಿದರೆ ಸಿಗುವುದು ವೇಗೋತ್ಕರ್ಷ. ಗಾಲಿ ಒಂದೇ ವೇಗದಲ್ಲಿ ಉರುಳುವಾಗ ಚುಕ್ಕೆಯ ವೇಗೋತ್ಕರ್ಷ ಸದಾ ಗಾಲಿಯ ನಡುವಿನ ಅಚ್ಚಿನ ಕಡೆಗೇ ಇರುತ್ತದೆ. ಹಾಗಾಗಿ ಅಡ್ಡದಾರಿಯವರು ಲೆಕ್ಕ ಹಾಕಿದ್ದು ಗೆರೆಯ ಬಾಗನ್ನಲ್ಲ, ಚುಕ್ಕೆಯಿಂದ ಅಚ್ಚಿಗೆ ಹೋಗುವ ಕಡ್ಡಿಯ ಇಳಿಜಾರನ್ನು! ಉತ್ತರ ಸರಿಯೇ, ಪ್ರಶ್ನೆ ಮಾತ್ರ ಬೇರೆಯದು.

ಈಗ ಚುಕ್ಕೆಯನ್ನು ಟೈರಿನಿಂದ ಒಳಕ್ಕೆ ತರೋಣ. ಸೈಕಲ್ ಕಡ್ಡಿಗಳ ನಡುವೆ ಸಿಕ್ಕಿಸುವ ರಿಫ್ಲೆಕ್ಟರ್ ಅಚ್ಚಿನಿಂದ b ದೂರದಲ್ಲಿರಲಿ. ಆಗ x = rt − b sin t, y = r − b cos t. ಅದೇ ಕ್ರಮದಲ್ಲಿ, ಎರಡು ಸಲ ಭಾಗಿಸಿ ನಡೆದರೆ:

d²y/dx² = b(r cos t − b) / (r − b cos t)³

b ಎಂಬುದು r ಗಿಂತ ಚಿಕ್ಕದಾದ್ದರಿಂದ ಛೇದ ಸದಾ ಧನ. ಚಿಹ್ನೆಯನ್ನು ತೀರ್ಮಾನಿಸುವುದು r cos t − b ಒಂದೇ. ರಿಫ್ಲೆಕ್ಟರ್ ಸರಿಯಾಗಿ ಅರ್ಧ ತ್ರಿಜ್ಯದಲ್ಲಿದ್ದರೆ cos t = 1/2 ಆದಾಗ, ಅಂದರೆ 60 ಡಿಗ್ರಿಯಲ್ಲಿ ಅದು ಸೊನ್ನೆ. ಅತಿ ಕೆಳಗಿನ ಸ್ಥಾನದ ಆಚೀಚೆ 60 ಡಿಗ್ರಿಗಳಲ್ಲಿ ಗೆರೆ ಬಟ್ಟಲು, ಉಳಿದ 240 ಡಿಗ್ರಿಗಳಲ್ಲಿ ಕಮಾನು. ಒಂದು ಸುತ್ತಿನಲ್ಲಿ ಮೂರನೇ ಒಂದು ಪಾಲು ಮಾತ್ರ ಮೇಲ್ಮುಖ ಬಾಗು.

ಬಾಗು ಬದಲಾಗುವ ಆ ಬಿಂದು ಎಷ್ಟು ಎತ್ತರದಲ್ಲಿದೆ? ಅಚ್ಚಿನ ಮಟ್ಟದಲ್ಲಿ ಎಂದು ಯಾರಿಗಾದರೂ ತೋಚುತ್ತದೆ, ಕೆಳಗರ್ಧ ಬಟ್ಟಲು, ಮೇಲರ್ಧ ಕಮಾನು ಎಂಬ ಎಣಿಕೆಯಲ್ಲಿ. ಅಡ್ಡದಾರಿಯ ಸೂತ್ರವೂ ಇದಕ್ಕೆ ತಾಳ ಹಾಕುತ್ತದೆ: ಇಲ್ಲೂ ಅದು ಕೊಡುವುದು cos t / sin t, ಮೇಲೇರುವಾಗ 90 ಡಿಗ್ರಿಯಲ್ಲಿ ಸೊನ್ನೆ. ಆದರೆ ನಿಜವಾದ ಬಿಂದು ಇರುವುದು ಮುಕ್ಕಾಲು r ಎತ್ತರದಲ್ಲಿ, ಅಚ್ಚಿಗಿಂತ ಕೆಳಗೆ. ರಿಫ್ಲೆಕ್ಟರನ್ನು ಹೊರಗೆ ಸರಿಸಿದಷ್ಟೂ ಬಟ್ಟಲು ಕಿರಿದಾಗುತ್ತದೆ, ಅಂಚಿಗೆ ಮುಟ್ಟಿದಾಗ ಇಲ್ಲವಾಗಿ ಸೈಕ್ಲಾಯ್ಡಿನ ಮೊನೆಯಾಗುತ್ತದೆ. ಅಡ್ಡದಾರಿಯ ಉತ್ತರದಲ್ಲಿ b ಇಲ್ಲವೇ ಇಲ್ಲ. ಚುಕ್ಕೆ ಎಲ್ಲಿದ್ದರೂ ಅದರದು ಒಂದೇ ಮಾತು. ಅನುಮಾನಪಡಲು ಇಷ್ಟೇ ಸಾಕಿತ್ತು.

ಆ ಮೊನೆಯ ಬಗ್ಗೆ ಒಂದು ಮಾತು. ಟೈರಿನ ಚುಕ್ಕೆ ನೆಲ ಮುಟ್ಟಿದ ಕ್ಷಣದಲ್ಲಿ dx/dt ಮತ್ತು dy/dt ಎರಡೂ ಸೊನ್ನೆ. ಚುಕ್ಕೆ ಆ ಕ್ಷಣ ನಿಂತಿದೆ. ಭಾಗಿಸಲು ಏನೂ ಇಲ್ಲದ್ದರಿಂದ ಅಲ್ಲಿ ಎರಡನೇ ಡೆರಿವೇಟಿವ್ ಎಂಬುದೇ ಇಲ್ಲ.

ಮೂರನೇ ಚುಕ್ಕೆಗೆ ರೈಲು ಬೇಕು. ಯಲಹಂಕದ ಕಾರ್ಖಾನೆಯಲ್ಲಿ ತಯಾರಾಗುವಂಥ ರೈಲು ಗಾಲಿಗೆ ಒಳಬದಿಯಲ್ಲಿ ಫ್ಲೇಂಜ್ ಎಂಬ ಏರಂಚು ಇರುತ್ತದೆ. ಗಾಲಿ ಹಳಿ ತಪ್ಪದಂತೆ ಹಿಡಿಯುವುದು ಅದೇ. ಹಳಿಯ ಮೇಲೆ ಉರುಳುವ ಭಾಗಕ್ಕಿಂತ ಅದು ಸುಮಾರು 28 ಮಿಲಿಮೀಟರ್ ಆಚೆ ಚಾಚಿ ಹಳಿಯ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ಇಲ್ಲಿ b ಎಂಬುದು r ಗಿಂತ ದೊಡ್ಡದು. ಸೂತ್ರ ಅದೇ, ಆದರೆ ಚಿಹ್ನೆಯ ಹೊಣೆ ಈಗ ಛೇದದ ಮೇಲೆ ಬೀಳುತ್ತದೆ. r cos t − b ಸದಾ ಋಣ. dx/dt ಆದ r − b cos t ಮಾತ್ರ ಕೆಳಗಿನ ಭಾಗದಲ್ಲಿ ಋಣವಾಗುತ್ತದೆ. ರೈಲು ಮುಂದೆ ಓಡುತ್ತಿದ್ದರೂ ಫ್ಲೇಂಜಿನ ತುದಿ ಆಗ ಹಿಂದಕ್ಕೆ ಚಲಿಸುತ್ತಿರುತ್ತದೆ. ಸುಮಾರು 457 ಮಿಲಿಮೀಟರ್ ತ್ರಿಜ್ಯದ ಗಾಲಿಗೆ ಇದು ಅತಿ ಕೆಳಗಿನ ಬಿಂದುವಿನ ಆಚೀಚೆ ಸುಮಾರು 20 ಡಿಗ್ರಿಗಳಷ್ಟು. ಆ ಪುಟ್ಟ ಭಾಗದಲ್ಲಿ ಗೆರೆ ಒಂದು ಕುಣಿಕೆ ಹಾಕಿಕೊಳ್ಳುತ್ತದೆ. ಅಲ್ಲಿ ಋಣವನ್ನು ಋಣದ ಘನದಿಂದ ಭಾಗಿಸಿದರೆ ಧನ: ಕುಣಿಕೆಯ ತಳ ಬಟ್ಟಲು.

ಎರಡನೇ ಭಾಗಾಕಾರ ಮರೆತವರು ಸಿಕ್ಕಿಬೀಳುವುದು ಇಲ್ಲಿ. ಸೈಕ್ಲಾಯ್ಡಿನಲ್ಲಿ ಮರೆತರೂ ಚಿಹ್ನೆ ಸರಿಯಾಗೇ ಬರುತ್ತದೆ, ಏಕೆಂದರೆ ಅಲ್ಲಿ dx/dt ಋಣವಾಗುವುದೇ ಇಲ್ಲ. ಬೆಲೆ ಮಾತ್ರ ತಪ್ಪು. ಫ್ಲೇಂಜಿನಲ್ಲಿ ಮರೆತರೆ ಕುಣಿಕೆಯ ತಳವೂ ಕಮಾನು ಎಂಬ ಉತ್ತರ ಬರುತ್ತದೆ. ಇಡೀ ಗೆರೆಯ ಅತಿ ತಗ್ಗಿನ ನಯವಾದ ಬಿಂದು ಕಮಾನಿನ ನೆತ್ತಿಯಾಗಿರಲು ಸಾಧ್ಯವೇ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ರಿಫ್ಲೆಕ್ಟರಿನ ಗೆರೆಯಲ್ಲಿ ಚಿಹ್ನೆ ಬದಲಾದದ್ದು ಸೊನ್ನೆಯನ್ನು ಹಾದು, ಅಲ್ಲಿ ಗೆರೆ ನಿಜವಾಗಿಯೂ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿತು. ಫ್ಲೇಂಜಿನ ಗೆರೆಯಲ್ಲಿ ಚಿಹ್ನೆ ಬದಲಾಗುವುದು ಸ್ಪರ್ಶಕ ನೆಟ್ಟಗೆ ನಿಂತ ಬಿಂದುಗಳಲ್ಲಿ, ಎರಡನೇ ಡೆರಿವೇಟಿವ್ ಅನಂತಕ್ಕೆ ಹಾರುವಲ್ಲಿ. ಆ ಗೆರೆಯ ಮೇಲೆ ನಡೆದು ಹೋಗುವ ಇರುವೆ ಉದ್ದಕ್ಕೂ ಬಲಕ್ಕೇ ತಿರುಗುತ್ತಿರುತ್ತದೆ, ಒಮ್ಮೆಯೂ ಎಡಕ್ಕೆ ತಿರುಗುವುದಿಲ್ಲ. ಬಾಗು ಹೊರಳಿಲ್ಲ, ನಡೆಯುವ ದಿಕ್ಕು ಮಾತ್ರ ಬಲದಿಂದ ಎಡಕ್ಕೆ ಬದಲಾಗಿದೆ. ತಿರುವು ಬಲಕ್ಕೋ ಎಡಕ್ಕೋ ಎಂಬುದನ್ನು ಸೂತ್ರದ ಅಂಶ ಹೇಳುತ್ತದೆ, ಸಾಗುತ್ತಿರುವುದು ಮುಂದಕ್ಕೋ ಹಿಂದಕ್ಕೋ ಎಂಬುದನ್ನು ಛೇದ.

ಕಮಾನಿನ ನೆತ್ತಿಯ −1/(4r) ಕೂಡ ಸುಮ್ಮನೆ ಬಂದ ಸಂಖ್ಯೆಯಲ್ಲ. ಇಳಿಜಾರು ಸೊನ್ನೆಯಿರುವ ಕಡೆ ಎರಡನೇ ಡೆರಿವೇಟಿವ್ ನೇರವಾಗಿ ಬಾಗಿನ ತ್ರಿಜ್ಯವನ್ನು ಕೊಡುತ್ತದೆ. ಹಾಗಾಗಿ r ತ್ರಿಜ್ಯದ ಗಾಲಿ ಬರೆದ ಕಮಾನು ನೆತ್ತಿಯಲ್ಲಿ 4r ತ್ರಿಜ್ಯದ ವೃತ್ತದಷ್ಟೇ ಬಾಗಿರುತ್ತದೆ. ಡಚ್ ವಿಜ್ಞಾನಿ ಹೈಗೆನ್ಸ್ 1673ರಲ್ಲಿ ಪ್ರಕಟಿಸಿದ ಲೋಲಕ ಗಡಿಯಾರಗಳ ಗ್ರಂಥದಲ್ಲಿ, ತಲೆಕೆಳಗಾದ ಸೈಕ್ಲಾಯ್ಡಿನ ಮೇಲೆ ತೂಗುವ ಲೋಲಕದ ವಿವರಣೆಯಿದೆ. ತೂಗಾಟ ದೊಡ್ಡದಿರಲಿ ಚಿಕ್ಕದಿರಲಿ, ಅದು ತೆಗೆದುಕೊಳ್ಳುವ ಸಮಯ ಒಂದೇ. ಆ ಲೋಲಕದ ದಾರದ ಉದ್ದ ಸರಿಯಾಗಿ 4r.