ಕಿವಿಗೆ ಸರಿ, ಗೆರೆಯ ಮೇಲೆ ತಪ್ಪು

ಪಾಶ್ಚಾತ್ಯ ಸಂಗೀತದ ಥಿಯರಿ ಪರೀಕ್ಷೆಗೆ ಓದುವ ಮಕ್ಕಳು ಬರೆದ ಉತ್ತರವನ್ನು ಕೀಬೋರ್ಡಿನಲ್ಲಿ ನುಡಿಸಿ ನೋಡುತ್ತಾರೆ. ಸರಿಯಾಗಿ ಕೇಳಿಸುತ್ತದೆ, ಆದರೂ ಅಂಕ ಬರುವುದಿಲ್ಲ. ಕಾರಣವಿಷ್ಟೇ: ಕೀಬೋರ್ಡಿನಲ್ಲಿ ‘ಇ ಶಾರ್ಪ್’ಗೂ ‘ಎಫ್’ಗೂ ಇರುವುದು ಒಂದೇ ಮನೆ. ಐದು ಗೆರೆಗಳ ಸ್ಟಾಫ್‌ನಲ್ಲಿ ಅವೆರಡಕ್ಕೂ ಬೇರೆ ಬೇರೆ ಜಾಗ. ಹಾಗಾಗಿ ಉತ್ತರ ತಿದ್ದುವಾಗ ಮೊದಲು ಅಕ್ಷರ ನೋಡಬೇಕು, ಆಮೇಲೆ ಶ್ರುತಿ.

ಎರಡು ಸ್ವರಗಳ ಅಂತರವನ್ನೇ, ಅಂದರೆ ಇಂಟರ್ವಲ್ಲನ್ನೇ ತೆಗೆದುಕೊಳ್ಳಿ. ಕೆಳಗೆ ಎ ಫ್ಲ್ಯಾಟ್, ಮೇಲೆ ಎಫ್ ಶಾರ್ಪ್ ಇದೆ. ಶಾರ್ಪ್, ಫ್ಲ್ಯಾಟ್ ಗುರುತುಗಳನ್ನು ಬೆರಳಲ್ಲಿ ಮುಚ್ಚಿ, ಎರಡು ತುದಿಗಳನ್ನೂ ಸೇರಿಸಿ ಎಣಿಸಿ: ಎ, ಬಿ, ಸಿ, ಡಿ, ಇ, ಎಫ್. ಆರು ಬಂತು, ಇದು ಸಿಕ್ಸ್ತ್. ಇನ್ನು ಬೆರಳು ತೆಗೆದು ಸೆಮಿಟೋನ್ ಎಣಿಸಿದರೆ ಹತ್ತು. ಮೇಜರ್ ಸಿಕ್ಸ್ತ್‌ಗೆ ಒಂಬತ್ತು ಸಾಕು. ಒಂದು ಹೆಚ್ಚಾದ್ದರಿಂದ ಇದು ಆಗ್ಮೆಂಟೆಡ್ ಸಿಕ್ಸ್ತ್. ಹತ್ತನ್ನಷ್ಟೇ ಎಣಿಸಿದವರು ‘ಮೈನರ್ ಸೆವೆಂತ್’ ಎಂದು ಬರೆದುಬಿಡುತ್ತಾರೆ. ಮೇಲಿನ ಸ್ವರ ಜಿ ಫ್ಲ್ಯಾಟ್ ಆಗಿದ್ದರೆ ಮಾತ್ರ ಆ ಉತ್ತರ ಸರಿ.

ಸ್ಕೇಲ್ ಬರೆಯುವಾಗಲೂ ಇದೇ ಎಡವಟ್ಟು. ಎಫ್ ಶಾರ್ಪ್ ಹಾರ್ಮೋನಿಕ್ ಮೈನರ್ ಕೇಳಿದ್ದಾರೆ ಎನ್ನೋಣ. ಇದರ ಕೀ ಸಿಗ್ನೇಚರ್‌ನಲ್ಲಿ ಮೂರು ಶಾರ್ಪ್: ಎಫ್, ಸಿ, ಜಿ. ಕೊನೆಯ ಶಾರ್ಪ್ ಜಿ. ಅಲ್ಲಿಂದ ಒಂದು ಸೆಮಿಟೋನ್ ಮೇಲೆ ಹೋದರೆ ಎ ಮೇಜರ್, ಎ ಯಿಂದ ಮೂರು ಸೆಮಿಟೋನ್ ಕೆಳಗಿಳಿದರೆ ಎಫ್ ಶಾರ್ಪ್. ತಾಳೆಯಾಯಿತು. ಗುರುತುಗಳ ಜಾಗವನ್ನೂ ನೋಡಿ. ಟ್ರೆಬಲ್ ಕ್ಲೆಫ್‌ನಲ್ಲಿ ಜಿ ಶಾರ್ಪ್ ಮೇಲಿನ ಗೆರೆಯನ್ನೂ ದಾಟಿ ಕೂರಬೇಕು. ಎರಡನೇ ಗೆರೆಯ ಮೇಲಿಟ್ಟರೆ ತಪ್ಪು.

ಇನ್ನು ಏಳನೇ ಸ್ವರ. ಹಾರ್ಮೋನಿಕ್ ಮೈನರ್‌ನಲ್ಲಿ ಅದನ್ನು ಅರ್ಧ ಹೆಜ್ಜೆ ಏರಿಸಬೇಕು, ಇ ಹೋಗಿ ಇ ಶಾರ್ಪ್ ಆಗಬೇಕು. ಆ ಗುರುತು ಸ್ವರದ ಪಕ್ಕದಲ್ಲೇ ಬರಬೇಕು, ಕೀ ಸಿಗ್ನೇಚರ್‌ಗೆ ಸೇರಕೂಡದು. ಕೀಬೋರ್ಡ್ ನಂಬಿದವರು ಇಲ್ಲಿ ಎಫ್ ಬರೆಯುತ್ತಾರೆ. ಆಗ ಡಿ ಆದಮೇಲೆ ಇ ಜಾಗ ಖಾಲಿ, ಎಫ್ ಜಾಗದಲ್ಲಿ ಎರಡು ಸ್ವರ. ನ್ಯಾಚುರಲ್ ಗುರುತನ್ನೂ ಮರೆತರಂತೂ ಎರಡೂ ಎಫ್ ಶಾರ್ಪ್ ಆಗಿ, ಕಿವಿಗೂ ತಪ್ಪಾಗಿಬಿಡುತ್ತದೆ. ನುಡಿಸುವ ಮೊದಲು ಕಣ್ಣಾಡಿಸಿದರೆ ಸಾಕು: ಗೆರೆ, ಸಂದು, ಗೆರೆ, ಸಂದು ಎಂದು ಒಂದನ್ನೂ ಬಿಡದೆ ಏರಿರಬೇಕು. ಡಿ ಮತ್ತು ಇ ಶಾರ್ಪ್ ನಡುವೆ ಮೂರು ಸೆಮಿಟೋನ್ ಇರುವುದು ಕಂಡು ಗಾಬರಿಯಾಗಬೇಕಿಲ್ಲ. ಈ ಸ್ಕೇಲಿನ ಗುಣವೇ ಅದು.

ಕರ್ನಾಟಕ ಸಂಗೀತ ಕಲಿತವರಿಗೆ ಇದು ಪರಿಚಿತ. ಹಾರ್ಮೋನಿಕ್ ಮೈನರ್ ನಮ್ಮ ಕೀರವಾಣಿಯ ಸ್ವರಸ್ಥಾನಗಳೇ. ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ಅದೇ ದೊಡ್ಡ ನೆಗೆತ. ಚಲನಾಟದಲ್ಲಿ ಅಂತರ ಗಾಂಧಾರ ಆಗಲೇ ಇರುವುದರಿಂದ, ಬೇರೆ ಮೇಳದಲ್ಲಿ ಸಾಧಾರಣ ಗಾಂಧಾರವೆನಿಸುವ ಸ್ಥಾನವೇ ಅಲ್ಲಿ ಷಟ್‌ಶ್ರುತಿ ರಿಷಭವಾಗುತ್ತದೆ. ರಿ ಒಂದು, ಗ ಒಂದು ಬರಲೇಬೇಕು. ಇ ಶಾರ್ಪನ್ನು ಎಫ್ ಎನ್ನದಿರುವುದೂ ಇದೇ ಕಾರಣಕ್ಕೆ.