ಆರು ಬೀಳುವವರೆಗೆ ಎಷ್ಟು ಸಲ?

ಲೂಡೋದಲ್ಲಿ ಕಾಯಿ ಮನೆಯಿಂದ ಹೊರಬರಲು ಆರು ಬೀಳಲೇಬೇಕು. ಒಬ್ಬರಿಗೆ ಮೊದಲ ಸಲವೇ ಬೀಳುತ್ತದೆ, ಇನ್ನೊಬ್ಬರು ಹದಿನೈದು ಸಲ ದಾಳ ಎಸೆದರೂ ಕಾಯಿ ಅಲ್ಲೇ ಕೂತಿರುತ್ತದೆ. ಸರಾಸರಿ ಎಷ್ಟು ಸಲ ಎಸೆಯಬೇಕು? ಆರು ಎಂದು ಬಹಳ ಜನ ಥಟ್ಟನೆ ಹೇಳುತ್ತಾರೆ. ಉತ್ತರ ಸರಿ. ಯಾಕೆ ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ.

1296 ಮಕ್ಕಳು, ಪ್ರತಿಯೊಬ್ಬರ ಕೈಯಲ್ಲೂ ಒಂದು ದಾಳ ಎಂದುಕೊಳ್ಳೋಣ. ಆರು ಬಿದ್ದವರು ಆಟ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಮೊದಲ ಸುತ್ತಿನಲ್ಲಿ ಎಲ್ಲರೂ ಎಸೆಯುತ್ತಾರೆ. ಲೆಕ್ಕದ ಪ್ರಕಾರ ಆರರಲ್ಲಿ ಒಂದು ಪಾಲು ಹೊರಟು 1080 ಮಂದಿ ಉಳಿಯುತ್ತಾರೆ. ಮುಂದಿನ ಸುತ್ತುಗಳಿಗೆ 900, 750, 625 ಹೀಗೆ ಇಳಿಯುತ್ತದೆ. ಒಬ್ಬೊಬ್ಬರೂ ಎಷ್ಟು ಸಲ ಎಸೆದರು ಎಂದು ಬರೆದಿಡುವ ಬದಲು, ಸುತ್ತಿಗೆ ಎಷ್ಟು ಜನ ಎಸೆದರು ಎಂದು ಕೂಡಿದರೂ ಒಟ್ಟು ಅದೇ ಬರುತ್ತದಲ್ಲ? ಅದನ್ನು 1296ರಿಂದ ಭಾಗಿಸಿದರೆ ಸರಾಸರಿ:

1 + 5/6 + 25/36 + 125/216 + …

ಇದು ಶಾಲೆಯಲ್ಲಿ ಕಲಿತ ಗುಣೋತ್ತರ ಶ್ರೇಢಿ. ಮೊತ್ತ 1/(1 − 5/6), ಅಂದರೆ 6. ಇಲ್ಲಿನ ಒಂದೊಂದು ಪದವೂ ‘ಆ ಸುತ್ತಿಗೆ ಇನ್ನೂ ಉಳಿದಿರುವ’ ಸಂಭವನೀಯತೆ. ಗೆಲ್ಲುವ ಸಂಭವನೀಯತೆ p ಆದರೆ ಇದೇ ದಾರಿಯಲ್ಲಿ 1/p ಸಿಗುತ್ತದೆ.

ಅಂದಹಾಗೆ, ನಾಲ್ಕು ಸುತ್ತು ಮುಗಿದಾಗ ಉಳಿದವರು 625, ಅರ್ಧಕ್ಕಿಂತ ಕಡಿಮೆ. ಸರಾಸರಿ ಆರಾದರೂ ಹೆಚ್ಚಿನವರ ಆಟ ನಾಲ್ಕರೊಳಗೇ ಮುಗಿದಿರುತ್ತದೆ. ಸರಾಸರಿಯನ್ನು ಮೇಲಕ್ಕೆ ಎಳೆಯುವವರು ಹದಿನೈದು ಸಲ ಎಸೆದು ಬೇಸತ್ತವರು.

ಎರಡನೆಯ ದಾರಿ ಒಂದೇ ಸಾಲಿನದು. ಸರಾಸರಿಯನ್ನು m ಎನ್ನೋಣ. ಮೊದಲ ಎಸೆತ ಹೇಗೂ ಖರ್ಚಾಗುತ್ತದೆ. ಆರು ಬಿದ್ದರೆ ಕೆಲಸ ಮುಗಿಯಿತು. ಬೀಳದಿದ್ದರೆ, ದಾಳಕ್ಕೆ ಹಿಂದಿನದರ ನೆನಪಿಲ್ಲವಾದ್ದರಿಂದ, ಆಟ ಹೊಸದಾಗಿಯೇ ಶುರುವಾಗುತ್ತದೆ. ಇನ್ನೂ m ಎಸೆತ ಬೇಕು. ಹಾಗಾಗಿ

m = 1 + (5/6)m

ಇದನ್ನು ಬಿಡಿಸಿದರೆ m = 6. ನನಗೆ ಇದೇ ಹೆಚ್ಚು ಇಷ್ಟ, ಆದರೆ ಇದರಲ್ಲಿ ಒಂದು ಸಂದು ಇದೆ. m ಅನಂತವಾಗಿದ್ದರೂ ಈ ಸಮೀಕರಣ ಸುಳ್ಳಾಗುವುದಿಲ್ಲ. ಆಗ ಎರಡೂ ಕಡೆಯಿಂದ (5/6)m ಕಳೆಯುವುದಕ್ಕೆ ಅರ್ಥವೇ ಇಲ್ಲ. ಸರಾಸರಿ ಒಂದು ಮಿತಿಯೊಳಗಿನ ಸಂಖ್ಯೆ ಎಂದು ಮೊದಲು ಖಾತ್ರಿಯಾಗಬೇಕು, ಆ ಖಾತ್ರಿಯನ್ನು ಮೊದಲ ದಾರಿಯ ಶ್ರೇಢಿ ಕೊಡುತ್ತದೆ.

ನೆನಪಿಲ್ಲದ ದಾಳದ ಬದಲು ಡಬ್ಬಿಯಲ್ಲಿ ಆರು ಚೀಟಿ ಹಾಕಿ, ಒಂದಕ್ಕೆ ಗುರುತು ಮಾಡಿ. ತೆಗೆದ ಚೀಟಿಯನ್ನು ವಾಪಸ್ ಹಾಕುವಂತಿಲ್ಲ. ಮೊದಲನೆಯದು ಗುರುತಿಲ್ಲದ್ದಾದರೆ ಡಬ್ಬಿಯಲ್ಲಿ ಉಳಿಯುವುದು ಐದೇ ಚೀಟಿ, ಆಟ ಹಿಂದಿನದಲ್ಲ. ಹಾಗಾಗಿ ಎರಡೂ ಬದಿಗೆ ಅದೇ m ಬರೆಯುವಂತಿಲ್ಲ. ಮೊದಲ ದಾರಿ ಮಾತ್ರ ಇದ್ದಂತೆಯೇ ನಡೆಯುತ್ತದೆ: 1 + 5/6 + 4/6 + 3/6 + 2/6 + 1/6. ಸರಾಸರಿ ಮೂರೂವರೆ ಚೀಟಿ.