ಶಟಲ್‌ಗೆ ಹೆಚ್ಚು ಖರ್ಚೋ, ನಡಿಗೆಗೋ?

ಸುಮ್ಮನೆ ಕುಳಿತಿದ್ದರೂ ದೇಹ ಆಮ್ಲಜನಕ ಬಳಸುತ್ತಲೇ ಇರುತ್ತದೆ. ತೂಕದ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 3.5 ಮಿಲಿಲೀಟರ್ ಎಂದು ಹಿಡಿದು, ಅದನ್ನು 1 ಮೆಟ್ ಎಂದು ಕರೆದಿದ್ದಾರೆ. ಕ್ಯಾಲರಿ ಲೆಕ್ಕದಲ್ಲಿ ಅದು ಕೆ.ಜಿ.ಗೆ ಗಂಟೆಗೆ ಸುಮಾರು 1 ಕಿಲೊಕ್ಯಾಲರಿ. ಯಾವುದೇ ಚಟುವಟಿಕೆ ಇದರ ಎಷ್ಟು ಪಟ್ಟು ಎನ್ನುವುದೇ ಅದರ ಮೆಟ್ ಅಂಕ. ಇಂಥ ನೂರಾರು ಅಂಕಗಳ ಪಟ್ಟಿಯೊಂದನ್ನು ಅಮೆರಿಕದ ಸಂಶೋಧಕರು 1993ರಲ್ಲಿ ಪ್ರಕಟಿಸಿದರು, ಆಮೇಲೆ ಹಲವು ಸಲ ಪರಿಷ್ಕರಿಸಿದರು.

ಅದರ 2011ರ ಆವೃತ್ತಿಯ ಪ್ರಕಾರ ಗಂಟೆಗೆ 5.6 ಕಿ.ಮೀ. ವೇಗದ ಬಿರುಸು ನಡಿಗೆ 4.3 ಮೆಟ್, ಗೆಳೆಯರೊಂದಿಗಿನ ಬ್ಯಾಡ್ಮಿಂಟನ್ 5.5. 60 ಕೆ.ಜಿ. ತೂಕದವರು ಒಂದು ಗಂಟೆ ನಡೆದರೆ 4.3 × 60, ಅಂದರೆ 258 ಕಿಲೊಕ್ಯಾಲರಿ. ಶಟಲ್‌ಗೆ 330. ಆಟವೇ ಗೆದ್ದಂತೆ ಕಾಣುತ್ತದೆ.

ಆದರೆ ಕೋರ್ಟ್ ಬುಕ್ ಮಾಡಿದ್ದು ಒಂದು ಗಂಟೆಯಾದರೂ ಬಂದವರು ಆರು ಜನ. ಡಬಲ್ಸ್‌ನಲ್ಲಿ ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ಸಿಗುವುದು 40 ನಿಮಿಷ. ಅದಕ್ಕೆ 220 ಕಿಲೊಕ್ಯಾಲರಿ. ಉಳಿದ 20 ನಿಮಿಷ ಬೆಂಚಿನ ಮೇಲೆ ಹರಟೆ, ಸುಮಾರು 1.5 ಮೆಟ್‌ನಂತೆ 30. ಒಟ್ಟು 250. ನಡೆದವರು ಎಂಟು ಕಿಲೊಕ್ಯಾಲರಿ ಮುಂದೆಯೇ ಇದ್ದಾರೆ! ಮೆಟ್ ಹೇಳುವುದು ಖರ್ಚಿನ ವೇಗವನ್ನು ಮಾತ್ರ. ಎಷ್ಟು ಹೊತ್ತು ಎನ್ನುವುದನ್ನು ನಾವೇ ಪ್ರಾಮಾಣಿಕವಾಗಿ ತುಂಬಬೇಕು. ಜಿದ್ದಿಗೆ ಬಿದ್ದು ಪಂದ್ಯ ಆಡುವವರ ಅಂಕ ಬೇರೆ, 7.

ಸೈಕಲ್‌ಗೆ ಬಂದರೆ ವೇಗವನ್ನು ಕೇಳದೆ ಅಂಕ ಹೇಳುವಂತೆಯೇ ಇಲ್ಲ. ಗಂಟೆಗೆ 16 ಕಿ.ಮೀ.ಗಿಂತ ನಿಧಾನವಾಗಿ ಹೋದರೆ 4 ಮೆಟ್, ನಡಿಗೆಗಿಂತಲೂ ಒಂದಿಷ್ಟು ಕಡಿಮೆ. 16ರಿಂದ 19ಕ್ಕೆ ಏರಿದರೆ 6.8. ಅದೇ ಗಂಟೆಗೆ 240 ಇದ್ದದ್ದು 408 ಆಗುತ್ತದೆ. ವೇಗ ಏರಿದಂತೆ ಗಾಳಿಯ ತಡೆ ಅದಕ್ಕಿಂತ ಜೋರಾಗಿ ಏರುವುದು ಇದಕ್ಕೊಂದು ಕಾರಣ. ಸಿಗ್ನಲ್‌ನಲ್ಲಿ ಕಾಲೂರಿ ನಿಂತ ಹೊತ್ತು, ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಜಾರಿದ ಹೊತ್ತು ಈ ಲೆಕ್ಕಕ್ಕೆ ಸೇರದು.

ಈ ಮೊತ್ತಗಳಲ್ಲಿ ಕುಳಿತಿದ್ದರೂ ಆಗುತ್ತಿದ್ದ ಖರ್ಚೂ ಸೇರಿದೆ. ನಡಿಗೆಯಿಂದಲೇ ಆದ ಹೆಚ್ಚುವರಿ ಬೇಕಿದ್ದರೆ 4.3ರಿಂದ 1 ಕಳೆಯಿರಿ, 198 ಉಳಿಯುತ್ತದೆ. ಫೋನಿನ ಆ್ಯಪ್ ತೋರಿಸಿದ ಕ್ಯಾಲರಿ ನೋಡಿ ಎರಡು ಹೋಳಿಗೆ ಹೆಚ್ಚು ಬಡಿಸಿಕೊಳ್ಳುವವರು ಇದನ್ನು ಗಮನಿಸುವುದು ಲೇಸು. ಜೊತೆಗೆ 3.5 ಎನ್ನುವುದೂ ಎಲ್ಲರಿಗೂ ಹೊಂದುವುದಿಲ್ಲ. ವಯಸ್ಸಾದವರಲ್ಲಿ, ದಪ್ಪಗಿರುವವರಲ್ಲಿ ವಿಶ್ರಾಂತಿಯ ಬಳಕೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಅವರಿಗೆ ಸೂತ್ರ ಹೆಚ್ಚೇ ತೋರಿಸಬಹುದು.

ಒಂದು ಕೆಲಸ ಯಾರಿಗೆ ಎಷ್ಟು ಕಷ್ಟ ಎನ್ನುವುದೂ ಈ ಪಟ್ಟಿಯಿಂದ ತಿಳಿಯುವುದಿಲ್ಲ. ಹೃದಯ ಪರೀಕ್ಷೆಯ ಟಿಎಂಟಿ ವರದಿಯಲ್ಲಿ ನೀವು ಮುಟ್ಟಿದ ಗರಿಷ್ಠ ಮೆಟ್ ಬರೆದಿರುತ್ತದೆ. ಅದು 11 ಇದ್ದವರಿಗೆ 5.5ರ ಶಟಲ್ ಅರ್ಧದಷ್ಟು ಶ್ರಮ. 7 ಇದ್ದವರಿಗೆ ಅದೇ ಆಟ ತಾಕತ್ತಿನ ಮುಕ್ಕಾಲು ಪಾಲಿಗೂ ಹೆಚ್ಚು, ನಡುವೆ ಮಾತಾಡಲೂ ಉಸಿರು ಸಾಲುವುದಿಲ್ಲ.